ಕ್ಯಾಶ್ ತಾಳೆಯಾಗದ ಸಂಜೆಗಾಗಿ ಮಾಡಿದ ಸ್ವಾಗತ ಭಾಷಣ

ಬ್ಯಾಂಕಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಏನು ಹೇಳಬೇಕು ಎಂಬ ಬಗ್ಗೆ ಸುತ್ತೋಲೆಗಳಿಗೆ ಕೊರತೆಯಿಲ್ಲ. ಆ ದಿನ ಹೇಳಿದ್ದರಲ್ಲಿ ಯಾವುದು ಮುಂದೆ ಕೌಂಟರಿನಲ್ಲಿ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಮಾತ್ರ ಯಾರೂ ಹಿಂತಿರುಗಿ ನೋಡುವುದಿಲ್ಲ. ಈ ಪ್ರಕರಣದಲ್ಲಿ ಆ ಕೆಲಸ ಮಾಡಿದ್ದೇನೆ. ಇಲ್ಲಿರುವ ಶಾಖೆ ಮತ್ತು ವ್ಯಕ್ತಿಗಳನ್ನು ಹಲವು ಶಾಖೆಗಳಲ್ಲಿ ನಡೆಯುವುದನ್ನು ಒಂದುಗೂಡಿಸಿ, ತರಬೇತಿಯ ಚರ್ಚೆಗಾಗಿ ಕಟ್ಟಿಕೊಂಡಿದ್ದೇನೆ. ನಿಯಮಗಳು, ಇಸವಿಗಳು, ಲೆಕ್ಕದ ಕ್ರಮ ಇವೆಲ್ಲ ಇದ್ದದ್ದು ಇದ್ದ ಹಾಗೆಯೇ ಇವೆ.

ಶಾಖೆ ಇರುವುದು ತಾಲ್ಲೂಕು ಕೇಂದ್ರವೊಂದರ ಪೇಟೆ ಬೀದಿಯಲ್ಲಿ. ವಿಲೀನದಲ್ಲಿ ಹೆಸರು ಬದಲಾದ ಶಾಖೆ ಅದು. ಹೊಸಬರು ಐದು ಮಂದಿ. ನಾಲ್ವರು ಗ್ರಾಹಕ ಸೇವಾ ಸಹಾಯಕರು, ಅಂದರೆ ಮೊನ್ನೆಮೊನ್ನೆಯವರೆಗೆ ನಾವು ಗುಮಾಸ್ತರು ಎನ್ನುತ್ತಿದ್ದವರು. ಐದನೆಯವರು ಒಡಿಶಾದಿಂದ ಬಂದ ಪ್ರೊಬೇಷನರಿ ಅಧಿಕಾರಿ. ಅವರಿಗೆ ಕನ್ನಡ ಬಾರದು. ಕೌಂಟರ್ ತಂಡದ ಮುಖ್ಯಸ್ಥೆ ಒಬ್ಬ ಹಿರಿಯ ವ್ಯವಸ್ಥಾಪಕಿ. ಕ್ಯಾಶ್ ಕೌಂಟರಿನಲ್ಲಿಯೇ ನೌಕರಿ ಆರಂಭಿಸಿ ಬಡ್ತಿ ಪಡೆದು ಬಂದವರಾದ್ದರಿಂದ ಅವರಿಗೆ ನೋಟು ಎಣಿಸುವವರ ಕಷ್ಟ ಗೊತ್ತು. ಶಾಖೆಯ ಬಾಗಿಲು ಹತ್ತಕ್ಕೆ ತೆರೆಯುತ್ತದೆ, ಹೊಸಬರು ಒಂಬತ್ತೂವರೆಗೆ ಬಂದು ಕುಳಿತಿದ್ದರು. ಇದ್ದದ್ದು ಅರ್ಧ ಗಂಟೆ.

ಪ್ರಾದೇಶಿಕ ಕಚೇರಿಯಿಂದ ಭಾಷಣದ ಮಾದರಿಯೊಂದು ಬಂದಿತ್ತು. ಅದರಲ್ಲಿ ಬ್ಯಾಂಕಿನ ಧ್ಯೇಯವಾಕ್ಯ, ಒಟ್ಟು ವ್ಯವಹಾರದ ಮೊತ್ತ, ಶಾಖೆಗಳ ಸಂಖ್ಯೆ, ಪ್ರಶಸ್ತಿಗಳು ಮತ್ತು ಕೊನೆಯಲ್ಲಿ ಈ ತ್ರೈಮಾಸಿಕದ ವಿಮಾ ಗುರಿ ಇದ್ದವು. ಮೇಡಂ ಅದರ ಬಹುಭಾಗವನ್ನು ಓದಲಿಲ್ಲ. ಅದೆಲ್ಲ ಬ್ಯಾಂಕಿನ ಜಾಲತಾಣದಲ್ಲಿದೆ, ಪರೀಕ್ಷೆಗಾಗಿ ಈ ಮಕ್ಕಳು ಹೇಗೂ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ ಎಂಬುದು ಅವರ ವಾದ. ಸರಿಯಾದ ವಾದವೇ.

ಇತಿಹಾಸದಿಂದ ಅವರು ಉಳಿಸಿಕೊಂಡದ್ದು ಒಂದೇ ತುಣುಕು. ಕೌಂಟರಿನಲ್ಲಿ ಅದರ ಅಗತ್ಯ ಬೀಳುತ್ತದೆ ಎಂಬ ಕಾರಣಕ್ಕೆ ಉಳಿಸಿಕೊಂಡದ್ದು. ಅವರು ಹೇಳಿದ್ದು ಹೀಗೆ:

"ಮಂಗಳೂರು, ಉಡುಪಿ ಸೀಮೆಯಲ್ಲಿ ಇಪ್ಪತ್ತೈದೇ ವರ್ಷಗಳಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಮೂರರ ಹೆಸರು ಇಂದು ಯಾವ ಫಲಕದ ಮೇಲೂ ಇಲ್ಲ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ಫಲಕ ಹೋಯಿತು, ಜನರ ಬಾಯಲ್ಲಿ ಹೆಸರು ಹೋಗಿಲ್ಲ. ಇಂದು ಹತ್ತು ಗಂಟೆಗೆ ಒಬ್ಬ ಅಜ್ಜಿ ಬಂದು ಹಳೆಯ ಹೆಸರು ಹೇಳಿ ಹಳೆಯ ಪಾಸ್‌ಪುಸ್ತಕ ಚಾಚುತ್ತಾರೆ. 'ಆ ಬ್ಯಾಂಕು ಈಗ ಇಲ್ಲ' ಎಂದು ನೀವು ಹೇಳಿದರೆ ಅವರಿಗೆ ಕೇಳಿಸುವುದು 'ನಿಮ್ಮ ದುಡ್ಡು ಇಲ್ಲ' ಎಂದು. 'ಇದೇ ಬ್ಯಾಂಕು ಅಮ್ಮಾ, ಹೆಸರು ಮಾತ್ರ ಬದಲಾಗಿದೆ, ದುಡ್ಡು ಹಾಗೆಯೇ ಇದೆ' ಎನ್ನಿ. ಆಮೇಲೆ ಹೊಸ ಪಾಸ್‌ಪುಸ್ತಕದ ಮಾತು ತೆಗೆಯಿರಿ."

ಒಡಿಶಾದ ಅಧಿಕಾರಿಗೆ ಅವರು ಈ ವಾಕ್ಯವನ್ನೇ ಮೊದಲ ಕನ್ನಡ ಪಾಠವಾಗಿ ಕೊಟ್ಟರು. ಅವರ ಕೈಯಿಂದ ಅದನ್ನು ಒಡಿಯಾ ಲಿಪಿಯಲ್ಲಿ ಬರೆಯಿಸಿ, ಎರಡು ಸಲ ಹೇಳಿಸಿದರು. 'ನಮಸ್ಕಾರ, ಹೇಗಿದ್ದೀರಿ' ಎಂಬಲ್ಲಿಗೆ ನಿಲ್ಲುವ ಭಾಷಾ ಕಲಿಕೆ ಕೌಂಟರಿಗೆ ಸಾಲದು. ಗ್ರಾಹಕ ಗಾಬರಿಯಾದಾಗ ಬೇಕಾಗುವ ವಾಕ್ಯವೇ ಮೊದಲು ಬರಬೇಕು. ಈ ಭಾಗಕ್ಕೆ ಹಿಡಿದದ್ದು ಐದು ನಿಮಿಷ.

ಅನಂತರ ಮೇಜಿನ ಮೇಲಿದ್ದ ಕಾಗದಗಳತ್ತ ತಿರುಗಿದರು. ಸೇರುವ ದಿನ ಪ್ರತಿಯೊಬ್ಬರೂ ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆಗೆ ಸಹಿ ಹಾಕುತ್ತಾರೆ. ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಇದರ ಬೇರು 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಯ 13ನೇ ಕಲಮಿನಲ್ಲಿದೆ. ಸಾಮಾನ್ಯವಾಗಿ ಹತ್ತಾರು ಕಾಗದಗಳ ನಡುವೆ ಇದಕ್ಕೂ ಒಂದು ಸಹಿ ಬಿದ್ದು ಹೋಗುತ್ತದೆ. ಮೇಡಂ ಅದನ್ನು ಕೈಗೆತ್ತಿಕೊಂಡು ಹೀಗೆ ವಿವರಿಸಿದರು: "ನಿಮ್ಮ ಚಿಕ್ಕಪ್ಪನ ಮಗಳಿಗೆ ಗಂಡು ನೋಡುತ್ತಿದ್ದಾರೆ, ಗಂಡಿನ ಮನೆಯವರ ಖಾತೆ ಇಲ್ಲಿದೆ. 'ಅವರ ಖಾತೆಯಲ್ಲಿ ಎಷ್ಟಿದೆ, ಸುಮ್ಮನೆ ನೋಡಿ ಹೇಳು' ಎಂದು ಮನೆಯಲ್ಲಿ ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ನೀವು ಹೇಳಬೇಕಾಗಿಲ್ಲ, ಆ ಖಾತೆಯನ್ನು ತೆರೆದು ನೋಡಿದರೂ ತಪ್ಪೇ. ಯಾರ ಲಾಗಿನ್‌ನಿಂದ, ಎಷ್ಟು ಗಂಟೆಗೆ, ಯಾವ ಖಾತೆ ತೆರೆಯಿತು ಎಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ." ಸಣ್ಣ ಊರಿನಲ್ಲಿ ಗೋಪ್ಯತೆಯ ಪರೀಕ್ಷೆ ಬರುವುದು ಮನೆಯವರಿಂದಲೇ. ಆ ಊರಿನವರೇ ಆದ ಇಬ್ಬರು ಹೊಸಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ.

ಭಾಷಣದ ನಡುಭಾಗ ಪೂರ್ತಿ ಕ್ಯಾಶ್ ಕುರಿತು. ಈ ಪ್ರಕರಣವನ್ನು ಬರೆಯಲು ಕಾರಣವೇ ಆ ಭಾಗ. ಅದನ್ನು ಇದ್ದಂತೆಯೇ ಕೊಡುತ್ತೇನೆ.

"ಎರಡು ವಾರ ನೀವು ಹಳಬರ ಪಕ್ಕದಲ್ಲಿ ಕುಳಿತು ನೋಡುತ್ತೀರಿ. ಆಮೇಲೆ ನಿಮ್ಮದೇ ಪೆಟ್ಟಿಗೆ, ನಿಮ್ಮದೇ ಕ್ಯಾಶ್. ಒಂದು ದಿನ ಸಂಜೆ ಲೆಕ್ಕ ಕೂಡುವುದಿಲ್ಲ. ಇದು ಎಲ್ಲರಿಗೂ ಆಗುತ್ತದೆ, ನನಗೂ ಆಗಿದೆ. ಆಗ ನಿಮ್ಮ ಪಕ್ಕದಲ್ಲಿ ಒಳ್ಳೆಯ ಮನಸ್ಸಿನ ಒಬ್ಬರು ಇರುತ್ತಾರೆ. 'ಸ್ವಲ್ಪವೇ ತಾನೇ, ಎಟಿಎಮ್‌ನಿಂದ ತೆಗೆದು ಹಾಕಿಬಿಡಿ, ಮೇಡಂಗೆ ಹೇಳಿದರೆ ರಗಳೆ' ಎನ್ನುತ್ತಾರೆ. ಹಾಕಬೇಡಿ. ಹೆಚ್ಚು ಬಂದ ದಿನ 'ನಾಳೆ ಕಡಿಮೆ ಬಂದರೆ ಬೇಕಾಗುತ್ತದೆ, ಡ್ರಾಯರಿನಲ್ಲಿ ಇಟ್ಟುಕೊಳ್ಳಿ' ಎನ್ನುತ್ತಾರೆ. ಇಡಬೇಡಿ. ಕ್ಯಾಶ್ ಮುಚ್ಚಿದ ಮೇಲೆ ಒಂದು ಸಲ ಎಣಿಸಿ, ಇನ್ನೊಂದು ಸಲ ಎಣಿಸಿ. ಮೂರನೆಯ ಸಲ ಎಣಿಸುವ ಮೊದಲು ನನ್ನ ಬಳಿ ಬನ್ನಿ. ನಾಲ್ಕೂವರೆಯೊಳಗೆ ಬಂದರೆ ಅದು ಹುಡುಕಬಹುದಾದ ತಪ್ಪು. ಮರುದಿನ ಬಂದರೆ ಅದಕ್ಕೆ ಬೇರೆ ಹೆಸರು ಬರುತ್ತದೆ, ಆ ಹೆಸರಿನಿಂದ ನಿಮ್ಮನ್ನು ಉಳಿಸಲು ನನ್ನಿಂದ ಆಗುವುದಿಲ್ಲ."

ಇದರ ಹಿಂದಿರುವ ತರ್ಕವನ್ನು ಅವರು ಬಿಡಿಸಿ ಹೇಳಿದರು. ಕೊರತೆ ಬಂದು ಕಾರಣ ಸಿಗದೆ ಹೋದರೆ ಕೊನೆಗೆ ಅದನ್ನು ಕ್ಯಾಶಿಯರೇ ತುಂಬಿಕೊಡಬೇಕು. ಹಾಗಿದ್ದ ಮೇಲೆ ಮೊದಲೇ ಕೈಯಿಂದ ಹಾಕಿದರೆ ಏನು ತಪ್ಪು ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಹೀಗೆ: ಕೊರತೆ ಎಂದರೆ ಹಣ ಹೆಚ್ಚಾಗಿ ಬೇರೆಯವರ ಕೈ ಸೇರಿದೆ, ಇಲ್ಲವೇ ಯಾರದೋ ಖಾತೆಯಲ್ಲಿ ತಪ್ಪು ಅಂಕಿ ಕುಳಿತಿದೆ. ಜೇಬಿನಿಂದ ಹಾಕಿದ ಕೂಡಲೇ ಪೆಟ್ಟಿಗೆ ಸರಿಹೋಗುತ್ತದೆ, ಆದರೆ ಆ ಖಾತೆಯ ತಪ್ಪು ಉಳಿದುಕೊಳ್ಳುತ್ತದೆ. ಹುಡುಕಲು ಯಾರಿಗೂ ಕಾರಣವೇ ಇರುವುದಿಲ್ಲ. ಪ್ರಾಮಾಣಿಕ ಎನಿಸಿಕೊಳ್ಳುವ ಈ ಕೆಲಸ ವಾಸ್ತವದಲ್ಲಿ ಸಾಕ್ಷ್ಯವನ್ನು ಅಳಿಸುತ್ತದೆ. ಹೆಚ್ಚುವರಿ ಹಣದ ವಿಷಯವೂ ಅಷ್ಟೇ. ಯಾರದೆಂದು ತಿಳಿಯದ ಹಣವನ್ನು ಇಡುವ ಸಂಡ್ರಿ ಖಾತೆಗೆ ಅದು ಅಂದೇ ಜಮೆಯಾಗಬೇಕು. ಕಳೆದುಕೊಂಡ ಗ್ರಾಹಕ ವಾರ ಬಿಟ್ಟು ಬಂದು ಕೇಳಿದಾಗ ಕೊಡಲು ಅಲ್ಲಿ ದಾಖಲೆ ಇರುತ್ತದೆ. ಡ್ರಾಯರಿನಲ್ಲಿ ಇಟ್ಟ ಹಣಕ್ಕೆ ದಾಖಲೆ ಇಲ್ಲ. ತಪಾಸಣೆಗೆ ಬಂದವರು ಮೊದಲು ತೆರೆಯುವುದೂ ಡ್ರಾಯರನ್ನೇ.

ಪಾಸ್‌ವರ್ಡ್ ಬಗ್ಗೆಯೂ ಇಲ್ಲಿಯೇ ಹೇಳಿದರು, ಚುಟುಕಾಗಿ. ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಅನುಮೋದಿಸುತ್ತಾರೆ. ಒಬ್ಬರೇ ಎರಡೂ ಲಾಗಿನ್ ಬಳಸಿದರೆ ಎರಡನೆಯ ಕಣ್ಣು ಮುಚ್ಚಿದಂತೆ. 2018ರ ಫೆಬ್ರುವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯ ವಂಚನೆಯನ್ನು ಅವರು ಉದಾಹರಿಸಿದರು. ಅಲ್ಲಿ ವಿದೇಶಿ ಬ್ಯಾಂಕುಗಳಿಗೆ, ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹೊಣೆಪತ್ರಗಳು ಹೋಗುತ್ತಿದ್ದವು, ಬ್ಯಾಂಕಿನ ಮುಖ್ಯ ತಂತ್ರಾಂಶದಲ್ಲಿ ಅವುಗಳ ನಮೂದೇ ಇರಲಿಲ್ಲ. ಎರಡೂ ವ್ಯವಸ್ಥೆಗಳು ಆಗ ಒಂದಕ್ಕೊಂದು ಹೆಣೆದುಕೊಂಡಿರಲಿಲ್ಲ. ಮೊತ್ತ ಹನ್ನೊಂದು ಸಾವಿರ ಕೋಟಿ ರೂಪಾಯಿ ದಾಟಿತ್ತು. ನನ್ನ ಅಭಿಪ್ರಾಯದಲ್ಲಿ ಈ ಉದಾಹರಣೆ ಮೊದಲ ದಿನಕ್ಕೆ ತುಸು ದೊಡ್ಡದು. ಹನ್ನೊಂದು ಸಾವಿರ ಕೋಟಿಯ ಕತೆ ಕೇಳಿದ ಹೊಸಬರಿಗೆ ಅದು ತಮ್ಮ ಕೈಗೆಟುಕದ ಲೋಕ ಎನಿಸುತ್ತದೆ. ಊಟಕ್ಕೆ ಎದ್ದ ಸಹೋದ್ಯೋಗಿ "ಹತ್ತು ನಿಮಿಷ ನನ್ನ ಲಾಗಿನ್‌ನಲ್ಲೇ ಮುಂದುವರಿಸಿ" ಎಂದಾಗ ಏನೆನ್ನಬೇಕು ಎಂಬುದೇ ಅವರಿಗೆ ನಿಜವಾಗಿ ಬೇಕಿದ್ದದ್ದು. ಆ ಉತ್ತರ ಭಾಷಣದಲ್ಲಿ ಬರಲಿಲ್ಲ.

ಆ ಸಂಜೆ ಬಂದದ್ದು ಆರನೆಯ ವಾರದಲ್ಲಿ. ಪ್ರಶ್ನೆ ಕೇಳಿದ್ದ ಅದೇ ಹುಡುಗನ ಕೌಂಟರಿನಲ್ಲಿ.

ಬೆಳಿಗ್ಗೆ ಹೆಡ್ ಕ್ಯಾಶಿಯರ್‌ನಿಂದ ಆತ ಪಡೆದದ್ದು 2,00,000 ರೂಪಾಯಿ. ದಿನದ ಜಮೆ 6,43,500, ಪಾವತಿ 5,18,200. ಹಾಗಾಗಿ ಪೆಟ್ಟಿಗೆಯಲ್ಲಿ 3,25,300 ಇರಬೇಕು. ಎಣಿಸಿದಾಗ ಇದ್ದದ್ದು 3,20,800. 4,500 ಕಡಿಮೆ. ಎರಡನೆಯ ಸಲವೂ ಅಷ್ಟೇ ಬಂತು. ಮೇಡಂ ಮೊದಲೇ ಹೇಳಿದ್ದ ಒಳ್ಳೆಯ ಮನಸ್ಸಿನವರು ಪಕ್ಕದ ಕೌಂಟರಿನಲ್ಲಿಯೇ ಇದ್ದರು, ಎಟಿಎಮ್‌ನ ಸಲಹೆಯೂ ಬಂತು. ಹುಡುಗ ಎದ್ದ, ಎಟಿಎಮ್‌ನತ್ತ ನಾಲ್ಕು ಹೆಜ್ಜೆ ನಡೆದ, ಮತ್ತೆ ತಿರುಗಿ ಮೇಡಂ ಅವರ ಮೇಜಿಗೆ ಹೋದ. ಆಗ ಗಂಟೆ ನಾಲ್ಕು ಇಪ್ಪತ್ತು.

ಮೇಡಂ ಹಣವನ್ನು ಮತ್ತೆ ಎಣಿಸಲಿಲ್ಲ. ಮೊದಲು ವ್ಯತ್ಯಾಸದ ಅಂಕಿಯನ್ನು ನೋಡಿದರು. ಹಳೆಯ ಕ್ಯಾಶಿಯರ್‌ಗಳು ಕೊರತೆಯ ಮೊತ್ತವನ್ನೇ ಮೊದಲು ಓದುತ್ತಾರೆ, ಏಕೆಂದರೆ ಅದು ತಪ್ಪಿನ ಬಗೆಯನ್ನು ಸೂಚಿಸುತ್ತದೆ. 4,500 ಒಂಬತ್ತರಿಂದ ಭಾಗವಾಗುತ್ತದೆ. ಅಂಕಿಗಳು ಅದಲುಬದಲಾದಾಗ, ಅಥವಾ ಸೊನ್ನೆ ಹೆಚ್ಚುಕಡಿಮೆಯಾದಾಗ, ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವೇ ಆಗುತ್ತದೆ. 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. 500ಕ್ಕೆ ಒಂದು ಸೊನ್ನೆ ಹೆಚ್ಚಾಗಿ 5,000 ಆದರೆ ವ್ಯತ್ಯಾಸ ಸರಿಯಾಗಿ 4,500. ಇದು ಮೊದಲ ಅನುಮಾನ.

ಎರಡನೆಯದು ತಿರುವುಮುರುವಾದ ನಮೂದು. ಪಾವತಿ ಮಾಡಿದ ಹಣವನ್ನು ಜಮೆ ಎಂದು ನಮೂದಿಸಿದರೆ ಕೊರತೆ ಆ ಮೊತ್ತದ ಎರಡರಷ್ಟಾಗುತ್ತದೆ. ಹಾಗಾಗಿ ಅರ್ಧವನ್ನು, ಅಂದರೆ 2,250ರ ಚೀಟಿಯನ್ನು ಹುಡುಕಬೇಕು. ಯಾರೂ ಅಂಥ ಮೊತ್ತವನ್ನು ಸಾಮಾನ್ಯವಾಗಿ ನಗದಾಗಿ ತೆಗೆಯುವುದಿಲ್ಲ. ಆದ್ದರಿಂದ ಅದು ನಂತರಕ್ಕೆ. ಮೂರನೆಯದು ನೋಟಿನ ಗೊಂದಲ. 200ರ ಬದಲು 500ರ ನೋಟು ಕೊಟ್ಟರೆ ಒಂದು ನೋಟಿಗೆ 300 ನಷ್ಟ. 4,500 ಆಗಲು ಹದಿನೈದು ನೋಟು ಹಾಗೆ ಹೋಗಿರಬೇಕು. ಕಣ್ತಪ್ಪಿಗೆ ಅದು ತೀರಾ ಹೆಚ್ಚು. ನಿಜವಾಗಿ ನೋಟೇ ಹೆಚ್ಚು ಹೋಗಿದ್ದರೆ ಲೆಕ್ಕದಿಂದ ಪತ್ತೆಯಾಗುವುದಿಲ್ಲ, ಕ್ಯಾಮೆರಾ ನೋಡಬೇಕು. ಅದು ಕೊನೆಯ ಕೆಲಸ.

ಹಾಗಾಗಿ ದಿನದ ಜಮೆಯ ಪಟ್ಟಿಯಲ್ಲಿ 5,000 ಎಂದಿರುವ ನಮೂದುಗಳನ್ನು ಮಾತ್ರ ತೆಗೆದು, ಒಂದೊಂದರ ಜಮೆ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿದರು. ಏಳನೆಯ ಚೀಟಿಯಲ್ಲಿ ಸಿಕ್ಕಿತು. ಸಂತೆಯ ತರಕಾರಿ ವ್ಯಾಪಾರಿಯೊಬ್ಬರದು. ಚೀಟಿಯಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಐನೂರು ಎಂದೇ ಇತ್ತು, ನೋಟಿನ ವಿವರವೂ ಹಾಗೆಯೇ ಇತ್ತು. ಪರದೆಯ ಮೇಲೆ ಮಾತ್ರ ಒಂದು ಸೊನ್ನೆ ಹೆಚ್ಚಾಗಿತ್ತು. ಎರಡನೆಯ ಕಣ್ಣು ಇದನ್ನು ಏಕೆ ಹಿಡಿಯಲಿಲ್ಲ? ಅಷ್ಟು ಸಣ್ಣ ಜಮೆಯನ್ನು ಕೌಂಟರಿನವರೇ ಮುಗಿಸುವ ಅಧಿಕಾರವಿರುತ್ತದೆ, ಅಧಿಕಾರಿಯ ಅನುಮೋದನೆಗೆ ಅದು ಬರುವುದೇ ಇಲ್ಲ. ದೊಡ್ಡ ಮೊತ್ತಕ್ಕೆ ಕಾವಲಿದೆ, ಸಣ್ಣದಕ್ಕೆ ಸಂಜೆಯ ಎಣಿಕೆಯೇ ಕಾವಲು.

ವ್ಯಾಪಾರಿಯ ಖಾತೆಯಲ್ಲಿ ಹೆಚ್ಚುವರಿ 4,500 ಇನ್ನೂ ಹಾಗೆಯೇ ಇತ್ತು. ಮೇಡಂ ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿ, ತಪ್ಪು ನಮೂದನ್ನು ರದ್ದುಗೊಳಿಸಿ, 500ಕ್ಕೆ ಹೊಸ ನಮೂದು ಮಾಡಿಸಿ, ತಾವೇ ಅನುಮೋದಿಸಿದರು. ಪುಸ್ತಕದ ಶಿಲ್ಕು 3,20,800ಕ್ಕೆ ಇಳಿಯಿತು, ಪೆಟ್ಟಿಗೆಯಲ್ಲಿಯೂ ಅಷ್ಟೇ ಇತ್ತು. ಐದಕ್ಕೆ ಮುಂಚೆ ತಿಜೋರಿ ಮುಚ್ಚಿತು. ಹುಡುಗ ಎಟಿಎಮ್‌ಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವುದು ಸುಲಭ: ಆತನ 4,500 ವ್ಯಾಪಾರಿಯ ಖಾತೆಯಲ್ಲಿ ಕುಳಿತಿರುತ್ತಿತ್ತು. ಆ ವ್ಯಾಪಾರಿ ಮೊಬೈಲಿನಲ್ಲಿ ಹಣ ಪಾವತಿಸುವವರಾದರೆ ರಾತ್ರಿಯೊಳಗೆ ಖರ್ಚೂ ಆಗಬಹುದಿತ್ತು. ನಾಲ್ಕೂವರೆ ಎಂಬ ಗಡುವಿಗೆ ಇದೇ ಕಾರಣ. ಗಂಟೆ ಕಳೆದಂತೆ ಹಣ ಮರಳಿ ಬರುವ ದಾರಿ ಉದ್ದವಾಗುತ್ತದೆ.

ಭಾಷಣದ ಈ ಭಾಗ ಕೆಲಸ ಮಾಡಿದ್ದಕ್ಕೆ ಕಾರಣ ನನಗೆ ಕಾಣುವಂತೆ ಇಷ್ಟು: ಅದರಲ್ಲಿ ಗಂಟೆ ಇತ್ತು, ಯಾರ ಬಳಿ ಹೋಗಬೇಕೆಂದು ಇತ್ತು, ಅಡ್ಡ ಬರುವ ಸಲಹೆ ಯಾವ ಮಾತಿನಲ್ಲಿ ಬರುತ್ತದೆ ಎಂದೂ ಇತ್ತು. ಎಟಿಎಮ್‌ನ ಮಾತು ಕೇಳಿದಾಗ ಹುಡುಗನಿಗೆ ಅದು ಮೊದಲೇ ಕೇಳಿದ ಮಾತಾಗಿತ್ತು. ಪಾರದರ್ಶಕತೆ, ಉತ್ತರದಾಯಿತ್ವ ಎಂಬಂಥ ಪದಗಳು ಮಾದರಿ ಭಾಷಣದಲ್ಲಿ ಬೇಕಾದಷ್ಟಿದ್ದವು. ಅವು ಯಾರನ್ನೂ ನಾಲ್ಕು ಹೆಜ್ಜೆಯ ನಂತರ ಹಿಂದಕ್ಕೆ ತಿರುಗಿಸುವುದಿಲ್ಲ.

ಇನ್ನು ತಪ್ಪಿದ ಜಾಗಗಳು. ಮೊದಲನೆಯದು ಖೋಟಾನೋಟು. ಕ್ಯಾಶ್ ಬಗ್ಗೆ ಅಷ್ಟೆಲ್ಲ ಹೇಳಿದ ಮೇಡಂ ಇದನ್ನು 'ತರಬೇತಿ ಕೇಂದ್ರದಲ್ಲಿ ಹೇಳುತ್ತಾರೆ' ಎಂದು ಬಿಟ್ಟರು. ತರಬೇತಿ ಕೇಂದ್ರದ ಸರದಿ ಬರುವ ಮೊದಲೇ ನೋಟು ಬಂತು. ಕೂಲಿ ಹಣ ಕಟ್ಟಲು ಬಂದ ಹೆಂಗಸೊಬ್ಬರ ಕಂತೆಯಲ್ಲಿ ಒಂದು 500ರ ಖೋಟಾನೋಟು ಯಂತ್ರಕ್ಕೆ ಸಿಕ್ಕಿತು. ಕೌಂಟರಿನಲ್ಲಿದ್ದ ಹೊಸ ಹುಡುಗಿ ಮರುಕದಿಂದ "ಇದು ಸರಿಯಿಲ್ಲ ಅಕ್ಕಾ, ಬೇರೆ ಕೊಡಿ" ಎಂದು ಹಿಂತಿರುಗಿಸಿದಳು. ಮರುಕ ಒಳ್ಳೆಯದೇ, ನಿಯಮ ಮಾತ್ರ ತದ್ವಿರುದ್ಧ. ಕೌಂಟರಿನಲ್ಲಿ ಪತ್ತೆಯಾದ ಖೋಟಾನೋಟನ್ನು ಯಾವ ಕಾರಣಕ್ಕೂ ಹಿಂತಿರುಗಿಸುವಂತಿಲ್ಲ. ಅದರ ಮೇಲೆ ಖೋಟಾ ಎಂಬ ಮುದ್ರೆ ಒತ್ತಿ ವಶಪಡಿಸಿಕೊಳ್ಳಬೇಕು, ತಂದವರಿಗೆ ನಿಗದಿತ ನಮೂನೆಯ ರಸೀದಿ ಕೊಡಬೇಕು. ಅವರು ಸಹಿ ಹಾಕಲು ಒಪ್ಪದಿದ್ದರೂ ರಸೀದಿ ಕೊಡಬೇಕು. ಆ ನೋಟಿನ ಮೌಲ್ಯ ಖಾತೆಗೆ ಜಮೆಯಾಗುವುದಿಲ್ಲ. ಒಂದೇ ವ್ಯವಹಾರದಲ್ಲಿ ನಾಲ್ಕು ನೋಟಿನವರೆಗೆ ಸಿಕ್ಕರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ, ಐದು ಅಥವಾ ಹೆಚ್ಚಿದ್ದರೆ ಕೂಡಲೇ ದೂರು. ವಶಪಡಿಸಿಕೊಳ್ಳದೆ ಬಿಟ್ಟರೆ ಖೋಟಾನೋಟಿನ ಚಲಾವಣೆಯಲ್ಲಿ ಬ್ಯಾಂಕೇ ಉದ್ದೇಶಪೂರ್ವಕವಾಗಿ ಭಾಗಿಯಾದಂತೆ ರಿಸರ್ವ್ ಬ್ಯಾಂಕ್ ಪರಿಗಣಿಸುತ್ತದೆ.

ಐನೂರು ರೂಪಾಯಿ ಎಂದರೆ ಆ ಹೆಂಗಸಿಗೆ ಒಂದು ದಿನದ ದುಡಿಮೆ. ಅದನ್ನು ಕಿತ್ತುಕೊಂಡು ಕಾಗದದ ಚೂರು ಕೊಡುವುದು ಹೊಸಬರಿಗೆ ಕಷ್ಟವೇ. ಒಂದೆರಡು ನೋಟಿಗೆ ಪೊಲೀಸರು ಮನೆಗೆ ಬರುವುದಿಲ್ಲ, ಈ ರಸೀದಿ ನೀವು ತಿಳಿಯದೆ ತಂದಿದ್ದೀರಿ ಎಂಬುದಕ್ಕೆ ಆಧಾರ ಎಂದು ಸಮಾಧಾನ ಹೇಳಲು ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ. ಮರುಕ ತಪ್ಪು ದಾರಿ ಹಿಡಿದದ್ದು ಅದಕ್ಕೇ.

ಎರಡನೆಯದು ಗುರಿಯ ಮಾತು. ಹತ್ತಕ್ಕೆ ಐದು ನಿಮಿಷ ಇರುವಾಗ ಮೇಡಂ ಗಡಿಯಾರ ನೋಡಿ, ಪ್ರಾದೇಶಿಕ ಕಚೇರಿಯ ಸೂಚನೆಯಂತೆ ವಿಮಾ ಪಾಲಿಸಿಗಳ ಸಂಖ್ಯೆ ಓದಿದರು. ಇಪ್ಪತ್ತು ನಿಮಿಷ 'ಅವಸರ ಬೇಡ, ನೋಡಿ ಮಾಡಿ' ಎಂದವರು ಎರಡು ನಿಮಿಷದಲ್ಲಿ 'ಈ ತಿಂಗಳೊಳಗೆ ತಲಾ ಇಷ್ಟು' ಎಂದರು. ಎರಡೂ ಮಾತು ಒಂದೇ ಬಾಯಿಂದ ಬಂದಾಗ ಹೊಸಬರು ಯಾವುದನ್ನು ನಂಬಬೇಕು? ಠೇವಣಿ ಇಡಲು ಬಂದ ವೃದ್ಧರ ಕೈಗೆ ವಿಮೆಯ ಅರ್ಜಿ ಹೋಗುವುದು, 'ಇದೂ ಎಫ್‌ಡಿ ತರಹವೇ' ಎಂಬ ಮಾತು ಹುಟ್ಟುವುದು ಇಂಥ ಕಡೆಯಿಂದಲೇ. ಠೇವಣಿಗೆ ಐದು ಲಕ್ಷದವರೆಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇದೆ, ವಿಮಾ ಪಾಲಿಸಿ ಠೇವಣಿಯಲ್ಲ, ನಡುವೆ ಬಿಟ್ಟರೆ ನಷ್ಟ ಎಂಬ ವ್ಯತ್ಯಾಸವನ್ನಾದರೂ ಹೇಳದೆ ಗುರಿ ಓದಬಾರದಿತ್ತು. ಮೇಡಂಗೆ ಇದು ಗೊತ್ತಿತ್ತು ಎಂದೇ ನನ್ನ ಭಾವನೆ. ಓದುವಾಗ ಅವರು ತಲೆ ಎತ್ತಲಿಲ್ಲ.

ಮುಂದಿನ ತಂಡಕ್ಕೆ ಭಾಷಣ ತುಸು ಬದಲಾಯಿತು. ಮುಂಬೈಯ ವಂಚನೆಯ ಕತೆ ಹೋಗಿ ಊಟದ ಹೊತ್ತಿನ ಲಾಗಿನ್‌ನ ಮಾತು ಬಂತು: "ಎದ್ದು ಹೋಗುವವರು ಲಾಗಿನ್ ಮುಚ್ಚಿಯೇ ಹೋಗುತ್ತಾರೆ, ಸಾಲಿನಲ್ಲಿ ನಿಂತವರು ಎರಡು ನಿಮಿಷ ಕಾಯುತ್ತಾರೆ. ಯಾರಾದರೂ ಗೊಣಗಿದರೆ ನನ್ನ ಹೆಸರು ಹೇಳಿ." ಖೋಟಾನೋಟಿನ ರಸೀದಿ ಪುಸ್ತಕವನ್ನು ಹೊಸಬರ ಕೈಯಿಂದ ಕೈಗೆ ದಾಟಿಸಿ, ಒಂದೊಂದು ಮಾದರಿ ರಸೀದಿ ಬರೆಯಿಸಿದರು. ನೋಟು ತಂದವರಿಗೆ ಹೇಳಬೇಕಾದ ಸಮಾಧಾನದ ಮಾತನ್ನು ಈ ಸಲ ಹೇಳಿಕೊಟ್ಟದ್ದು ಒಡಿಶಾದ ಅಧಿಕಾರಿ, ಕನ್ನಡದಲ್ಲಿ. ವಿಮಾ ಗುರಿಯನ್ನು ಮೂರನೆಯ ವಾರಕ್ಕೆ ಮುಂದೂಡಲು ಮೇಡಂ ಪ್ರಾದೇಶಿಕ ಕಚೇರಿಗೆ ಪತ್ರ ಬರೆದರು. ಒಪ್ಪಿಗೆ ಬರಲಿಲ್ಲ. ಹಾಗಾಗಿ ಆ ಅಂಕಿಯನ್ನು ಎರಡನೆಯ ತಂಡಕ್ಕೂ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಓದಿದರು, ಠೇವಣಿಗೂ ಪಾಲಿಸಿಗೂ ಇರುವ ವ್ಯತ್ಯಾಸವನ್ನು ಅದಕ್ಕೂ ಮೊದಲು ಹೇಳಿ ಮುಗಿಸಿ.